ಗೋರಟಾ, ಸೆಪ್ಟೆಂಬರ್ 17 ಮತ್ತು ನಿಮ್ಮ ವಿಡಿಯೊ

ಓದುಗರ ಪ್ರಶ್ನೆ: ಸರ್, ನಾನು ಬೀದರ್ ಜಿಲ್ಲೆಯವನು. ನಮ್ಮ ಭಾಗದ ಇತಿಹಾಸದ ಮೇಲೆ ಒಂದು ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಹೋದ ವರ್ಷ ಸೆಪ್ಟೆಂಬರ್ 17ಕ್ಕೆ 1948ರ ರಜಾಕಾರರ ಹಾವಳಿ ಮತ್ತು ಗೋರಟಾ ಗ್ರಾಮದಲ್ಲಿ ನಡೆದ ಕೊಲೆಗಳ ಬಗ್ಗೆ ವಿಡಿಯೊ ಹಾಕಿದ್ದೆ. ಎರಡೇ ದಿನಕ್ಕೆ ಅದನ್ನು ತೆಗೆದು ಹಾಕಿ, ಚಾನೆಲ್‌ಗೆ ಎಚ್ಚರಿಕೆ ಕೊಟ್ಟರು. ಅಷ್ಟರಲ್ಲಿ ಕಾಮೆಂಟಿನ ಜಗಳ ನಮ್ಮೂರಿನ ವಾಟ್ಸಾಪ್ ಗ್ರೂಪಿಗೂ ಬಂದು, ಹಿರಿಯರು ಕೂತು ಬಗೆಹರಿಸಬೇಕಾಯಿತು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ವರ್ಷ ಮತ್ತೆ ಮಾಡಬೇಕೆಂದಿದ್ದೇನೆ. ಜಗಳವಾಗದಂತೆ, ನಿಯಮ ಮುರಿಯದಂತೆ ಹೇಗೆ ಮಾಡಲಿ?

ಉತ್ತರ: ಪತ್ರದ ಜೊತೆಗೆ ನೀವು ಕಳಿಸಿದ ಹಳೆಯ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಅದರಲ್ಲಿರುವ ಘಟನೆಗಳು ಬಹುಮಟ್ಟಿಗೆ ಸರಿಯಾಗಿಯೇ ಇವೆ. ತೊಂದರೆ ಇರುವುದು ಆ ಘಟನೆಗಳನ್ನು ಯಾರು ಮಾಡಿದರು ಎಂದು ಹೇಳುವ ವಾಕ್ಯಗಳಲ್ಲಿ. ಇಡೀ ಸ್ಕ್ರಿಪ್ಟಿನಲ್ಲಿ ಅಂತಹ ವಾಕ್ಯಗಳು ಆರೇಳು ಇರಬಹುದು, ಅಷ್ಟೆ. ಆದರೆ ವಿಡಿಯೊ ತೆಗೆದುಹಾಕಲು ಕಾರಣವಾದದ್ದೂ, ನಿಮ್ಮೂರಿನ ಗ್ರೂಪಿನಲ್ಲಿ ಬೆಂಕಿ ಹೊತ್ತಿಸಿದ್ದೂ ಅವೇ ವಾಕ್ಯಗಳು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಆದ್ದರಿಂದ ಒಂದು ವಾಕ್ಯವನ್ನು ಹತ್ತಿರದಿಂದ ನೋಡುವುದರಿಂದಲೇ ಆರಂಭಿಸೋಣ.

ನೀವು ಹೀಗೆ ಬರೆದಿದ್ದೀರಿ: “ಆ ದಿನ ಮುಸ್ಲಿಮರು ಊರಿಗೆ ನುಗ್ಗಿ ಸಿಕ್ಕಸಿಕ್ಕ ಹಿಂದೂಗಳನ್ನು ಕೊಂದರು, ಇವರು ಅಂದಿನಿಂದ ಇಂದಿನವರೆಗೆ ಬದಲಾಗಲಿಲ್ಲ.” ಈ ವಾಕ್ಯದ ಎರಡನೆಯ ಅರ್ಧವನ್ನು ಯಾವ ವೇದಿಕೆಯೂ ಉಳಿಸಿಕೊಳ್ಳುವುದಿಲ್ಲ, ಉಳಿಸಿಕೊಳ್ಳಬೇಕಾದದ್ದೂ ಅಲ್ಲ. ಯೂಟ್ಯೂಬಿನ ದ್ವೇಷ ಭಾಷಣದ ನಿಯಮದಲ್ಲಿ ಧರ್ಮ, ಜಾತಿ, ಜನಾಂಗ, ರಾಷ್ಟ್ರೀಯತೆ ಮೊದಲಾದವುಗಳ ಆಧಾರದ ಮೇಲೆ ಒಂದು ಗುಂಪಿನವರೆಲ್ಲರನ್ನೂ ಕೀಳೆಂದೋ ಅಪಾಯಕಾರಿಗಳೆಂದೋ ಹೇಳುವುದಕ್ಕೆ ತಡೆಯಿದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿಯೂ ಇದೇ ಅರ್ಥದ ನಿಯಮವಿದೆ. ಆದರೆ ನೀವು ಹೆಚ್ಚು ಗಮನ ಕೊಡಬೇಕಾದದ್ದು ಮೊದಲನೆಯ ಅರ್ಧಕ್ಕೆ, ಏಕೆಂದರೆ ಅದು ಸತ್ಯದಂತೆ ಕಾಣುತ್ತದೆ. ದಾಳಿ ಮಾಡಿದವರು ಮುಸ್ಲಿಮರಾಗಿದ್ದರು ಎಂಬುದು ನಿಮ್ಮ ವಾದ. ಅದು ಹೌದಾದರೂ, ದಾಳಿ ಮಾಡಿದವರು ಒಂದು ಪಡೆಗೆ ಸೇರಿದವರಾಗಿದ್ದರು. ಆ ಪಡೆಗೆ ಹೆಸರಿತ್ತು, ನಾಯಕನಿದ್ದನು, ರಾಜಕೀಯ ಗುರಿಯಿತ್ತು, ಹಿಂದೆ ಒಂದು ಸಂಘಟನೆಯಿತ್ತು. ಇಷ್ಟೆಲ್ಲ ತಿಳಿದಿರುವಾಗ ಅದನ್ನು ಬಿಟ್ಟು ಧರ್ಮದ ಹೆಸರೊಂದನ್ನೇ ಹೇಳಿದರೆ, ಇತಿಹಾಸದ ವಿವರ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಅದೇ ಸಂಗತಿಯನ್ನು ಹೀಗೆ ಬರೆದು ನೋಡಿ: “1948ರ ಮೇ ತಿಂಗಳಲ್ಲಿ ರಜಾಕಾರರು ಗೋರಟಾ ಗ್ರಾಮದ ಮೇಲೆ ದಾಳಿ ಮಾಡಿ ಊರಿನ ಜನರನ್ನು ಕೊಂದರು. ರಜಾಕಾರರೆಂದರೆ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಸ್ವಯಂಸೇವಕ ಪಡೆ. ಅದರ ನಾಯಕ ಖಾಸಿಂ ರಜ್ವಿ. ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರಬಾರದು ಎಂಬುದು ಅವರ ಹಟವಾಗಿತ್ತು. ಸತ್ತವರ ಸಂಖ್ಯೆ ಇನ್ನೂರರ ಸುಮಾರು ಎಂದು ನಮ್ಮ ಭಾಗದಲ್ಲಿ ಹೇಳಿಕೊಂಡು ಬರಲಾಗಿದೆ.” ಈ ಐದು ವಾಕ್ಯಗಳಲ್ಲಿ ಯಾವ ಕ್ರೌರ್ಯವನ್ನೂ ಮುಚ್ಚಿಟ್ಟಿಲ್ಲ. ದಾಳಿಕೋರರ ಹೆಸರು ಇನ್ನಷ್ಟು ಸ್ಪಷ್ಟವಾಗಿದೆ. ಸಂಖ್ಯೆಯನ್ನು ಯಾರು ಹೇಳುತ್ತಾರೆ ಎಂಬುದೂ ಗೊತ್ತಾಗುತ್ತದೆ. ಇದನ್ನು ಕೇಳಿದ ನಿಮ್ಮೂರಿನ ಮುಸ್ಲಿಂ ಹುಡುಗನಿಗೆ, ತಾನು ಹುಟ್ಟುವ ಐದಾರು ದಶಕಗಳ ಹಿಂದೆ ನಡೆದ ಕೊಲೆಗೆ ತನ್ನನ್ನು ಹೊಣೆಗಾರನನ್ನಾಗಿ ಮಾಡುತ್ತಿದ್ದಾರೆ ಎಂದು ಅನ್ನಿಸಲು ಕಾರಣವಿಲ್ಲ. ಇದರ ಜೊತೆಗೆ ಶೋಯೆಬುಲ್ಲಾ ಖಾನರ ವಿಷಯವನ್ನೂ ಸೇರಿಸಿ. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಅವರು ರಜಾಕಾರರನ್ನು ವಿರೋಧಿಸಿ, ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದರು. ಅದಕ್ಕಾಗಿಯೇ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಅವರನ್ನು ಕೊಂದರು. ರಜಾಕಾರ ಎಂಬ ಪದವೂ ಮುಸ್ಲಿಂ ಎಂಬ ಪದವೂ ಒಂದೇ ಅಲ್ಲ ಎಂದು ನೀವು ಉಪದೇಶ ಮಾಡಬೇಕಾಗಿಲ್ಲ. ಈ ಒಂದು ಸಾವೇ ಅದನ್ನು ಹೇಳುತ್ತದೆ.

ಇನ್ನು ನಿಮ್ಮ ಸ್ಕ್ರಿಪ್ಟು ನಿಲ್ಲುವ ಜಾಗದ ಬಗ್ಗೆ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಗೆ ಬಂತು, 17ರಂದು ನಿಜಾಮರು ಶರಣಾದರು, ಜನ ಹಬ್ಬ ಮಾಡಿದರು ಎಂದು ಹೇಳಿ ನೀವು ಮುಗಿಸಿದ್ದೀರಿ. ನಮ್ಮ ಭಾಗದ ಹೆಚ್ಚಿನ ಭಾಷಣಗಳೂ ಅಲ್ಲಿಗೇ ಮುಗಿಯುತ್ತವೆ. ಆದರೆ ಬೀದರ್, ಕಲಬುರಗಿ ಜಿಲ್ಲೆಗಳ ಮುಸ್ಲಿಂ ಮನೆಗಳಲ್ಲಿ, ಈ ಸೇನಾ ಕಾರ್ಯಾಚರಣೆಯ ರೂಢಿಯ ಹೆಸರಾದ ‘ಪೊಲೀಸ್ ಆಕ್ಷನ್’ ಎಂದರೆ ನೆನಪಾಗುವುದು ಅದರ ನಂತರದ ವಾರಗಳು. ಆ ವಾರಗಳಲ್ಲಿ ಏನಾಯಿತೆಂದು ತಿಳಿಯಲು ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫ್ಫಾರ್ ಮೊದಲಾದವರನ್ನು ಕಳಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಸುತ್ತಾಡಿದ ಆ ತಂಡ, ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕು ಎಂದು ಅಂದಾಜು ಮಾಡಿತು. ಸತ್ತವರು ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಸರ್ದಾರ್ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ, ಅದು ದಶಕಗಟ್ಟಲೆ ಪ್ರಕಟವಾಗಲೂ ಇಲ್ಲ. ಇವೆರಡನ್ನೂ ನೀವು ಹೇಳಬೇಕು. ವರದಿಯಲ್ಲಿ ಇನ್ನೊಂದು ಅಂಶವೂ ಇದೆ: ಅನೇಕ ಕಡೆ ಹಿಂದೂಗಳು ತಮ್ಮ ನೆರೆಯ ಮುಸ್ಲಿಮರನ್ನು ಕಾಪಾಡಿದರು, ಒಂದೇ ಕಸುಬಿನವರಲ್ಲಿ, ಉದಾಹರಣೆಗೆ ನೇಕಾರರಲ್ಲಿ, ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತರು ಎಂದು ಅದು ದಾಖಲಿಸಿದೆ.

ಇದನ್ನು ಸೇರಿಸಿ ಎಂದು ಹೇಳುವಾಗ ನನ್ನ ಉದ್ದೇಶ ತಕ್ಕಡಿ ಸರಿ ಮಾಡುವುದಲ್ಲ. ‘ಅವರೂ ಮಾಡಿದರು, ಇವರೂ ಮಾಡಿದರು’ ಎಂಬ ಧಾಟಿ ಗೋರಟಾದಲ್ಲಿ ಸತ್ತವರಿಗೂ ಅನ್ಯಾಯ, ನಂತರ ಸತ್ತವರಿಗೂ ಅನ್ಯಾಯ. ಎರಡನ್ನೂ ಬೇರೆ ಬೇರೆಯಾಗಿ, ಪ್ರತಿಯೊಂದಕ್ಕೂ ಅದರದೇ ತಾರೀಖು, ಅದರದೇ ಹೊಣೆಗಾರರು ಮತ್ತು ಅದರದೇ ಆಧಾರವನ್ನು ಕೊಟ್ಟು ಹೇಳಬೇಕು. ಒಂದನ್ನು ಇನ್ನೊಂದಕ್ಕೆ ಸಮಜಾಯಿಷಿಯಾಗಿ ಬಳಸಬಾರದು. ಮೇ ತಿಂಗಳ ಕೊಲೆಗಳಾದ ಮೇಲೆ ‘ಆದ್ದರಿಂದ’ ಎಂಬ ಪದ ಹಾಕಿ ಸೆಪ್ಟೆಂಬರ್ ನಂತರದ ಕೊಲೆಗಳಿಗೆ ಹೋದರೆ, ನೀವು ಸೇಡನ್ನು ಸಮರ್ಥಿಸಿದಂತಾಗುತ್ತದೆ. ಸೆಪ್ಟೆಂಬರ್ ನಂತರದ ಕೊಲೆಗಳನ್ನು ಎದುರಿಗೆ ಹಿಡಿದು ಗೋರಟಾ ಅಷ್ಟು ದೊಡ್ಡದೇನಲ್ಲ ಎಂದರೆ, ಇನ್ನೊಂದು ಕಡೆಯ ಸಾವನ್ನು ಸಣ್ಣದು ಮಾಡಿದಂತಾಗುತ್ತದೆ. ದಾಖಲೆಯಿರುವ ದೊಡ್ಡ ಹಿಂಸಾಚಾರ ನಡೆದೇ ಇಲ್ಲ ಎನ್ನುವುದು ವೇದಿಕೆಯ ನಿಯಮದಲ್ಲಿಯೂ ತಪ್ಪೇ ಎಂಬುದನ್ನು ನೆನಪಿನಲ್ಲಿಡಿ. ಈ ತಪ್ಪು ಎರಡೂ ಕಡೆಯವರಿಂದ ಆಗುವಂಥದ್ದು.

ಈಗ ಯೂಟ್ಯೂಬಿನ ನಿಯಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಶೈಕ್ಷಣಿಕ, ಸಾಕ್ಷ್ಯಚಿತ್ರ, ವೈಜ್ಞಾನಿಕ ಅಥವಾ ಕಲಾತ್ಮಕ ಉದ್ದೇಶವಿರುವ ವಿಡಿಯೊಗಳಲ್ಲಿ ದ್ವೇಷದ ಮಾತನ್ನು ಅಥವಾ ಹಿಂಸೆಯನ್ನು ತೋರಿಸಲು ಅಲ್ಲಿ ಒಂದು ವಿನಾಯಿತಿ ಇದೆ. ನಿಮ್ಮಂಥವರು ಇದನ್ನು ಓದಿ, ವಿವರಣೆಯ ಪೆಟ್ಟಿಗೆಯಲ್ಲಿ “ಇದು ಕೇವಲ ಶೈಕ್ಷಣಿಕ ಉದ್ದೇಶಕ್ಕಾಗಿ” ಎಂದು ಒಂದು ಸಾಲು ಬರೆದರೆ ಸಾಕು ಎಂದು ತಿಳಿಯುತ್ತಾರೆ. ಅದು ಸಾಲದು. ಸಂದರ್ಭವು ವಿಡಿಯೊದ ಒಳಗೆ, ಅಂದರೆ ಚಿತ್ರದಲ್ಲಿ ಅಥವಾ ಧ್ವನಿಯಲ್ಲಿ ಇರಬೇಕು. ಶೀರ್ಷಿಕೆ ಮತ್ತು ವಿವರಣೆಯಲ್ಲಿ ಬರೆದದ್ದು ಅನೇಕ ಸಲ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ, ಖಾಸಿಂ ರಜ್ವಿಯ ಪ್ರಚೋದನಕಾರಿ ಭಾಷಣದ ಒಂದು ಸಾಲನ್ನು ನೀವು ಓದಿ ಹೇಳುತ್ತೀರಿ ಎಂದುಕೊಳ್ಳಿ. ಆ ಸಾಲು ಮುಗಿದ ಕೂಡಲೇ, ಮುಂದಿನ ದೃಶ್ಯಕ್ಕೆ ಹೋಗುವ ಮೊದಲು, ಇದು ಯಾರು ಯಾವಾಗ ಆಡಿದ ಮಾತು, ಇದರ ಪರಿಣಾಮವೇನಾಯಿತು, ಇದನ್ನು ಆ ಕಾಲದಲ್ಲಿಯೇ ಯಾರು ಖಂಡಿಸಿದರು ಎಂದು ನಿಮ್ಮ ಧ್ವನಿಯಲ್ಲಿಯೇ ಹೇಳಬೇಕು. ಹಿನ್ನೆಲೆಯಲ್ಲಿ ರಣಭೇರಿಯಂಥ ಸಂಗೀತ ಹಾಕಿ, ಆ ಸಾಲನ್ನು ಎರಡು ಸಲ ಕೇಳಿಸಿದರೆ ಸಂದರ್ಭ ಉಳಿಯುವುದಿಲ್ಲ. ಸಂಗೀತದ ಬಗ್ಗೆ ಒಂದು ಮಾತು ಸೇರಿಸುತ್ತೇನೆ: ಸಾವಿನ ವಿಷಯ ಬಂದಲ್ಲೆಲ್ಲ ಸಂಗೀತವನ್ನು ತೆಗೆದೇ ಬಿಡುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಥಂಬ್‌ನೇಲ್ ವಿಷಯದಲ್ಲಿಯೂ ನಿಮ್ಮ ಹಳೆಯ ವಿಡಿಯೊ ಎಡವಿದೆ. ಸಾಲಾಗಿ ಮಲಗಿಸಿದ ಹೆಣಗಳ ಕಪ್ಪು ಬಿಳುಪು ಚಿತ್ರವೊಂದನ್ನು ಹಾಕಿ, ಅದರ ಮೇಲೆ ಕೆಂಪಕ್ಷರದಲ್ಲಿ ‘ಗೋರಟಾ’ ಎಂದು ಬರೆದಿದ್ದೀರಿ. ಆ ಚಿತ್ರ ಎಲ್ಲಿಂದ ಬಂತೆಂದು ಕೇಳಿದರೆ ನಿಮ್ಮ ಹತ್ತಿರ ಉತ್ತರವಿಲ್ಲ. ಫಾರ್ವರ್ಡ್ ಆಗಿ ಬಂದದ್ದು ಎಂದು ನೀವೇ ಬರೆದಿದ್ದೀರಿ. 1946ರ ಕಲ್ಕತ್ತ ಗಲಭೆ ಮತ್ತು 1947ರ ದೇಶ ವಿಭಜನೆಯ ಕಾಲದ ಚಿತ್ರಗಳು ಈ ರೀತಿ ಬೇರೆ ಬೇರೆ ಊರಿನ ಹೆಸರು ಹೊತ್ತು ಸುತ್ತುವುದು ಹೊಸದಲ್ಲ. ಒಂದು ಚಿತ್ರ ಸುಳ್ಳು ಎಂದು ಯಾರಾದರೂ ತೋರಿಸಿಕೊಟ್ಟರೆ, ನೀವು ಹೇಳಿದ ನಿಜವೂ ಅದರ ಜೊತೆಗೇ ಬಿದ್ದುಹೋಗುತ್ತದೆ. ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಹಳೆಯ ಪ್ರಕಟಣೆ ಎಲ್ಲಿ ಕಾಣುತ್ತದೆಂದು ನೋಡಿ. ಮೂಲ ಸಿಗದಿದ್ದರೆ ಬಳಸಬೇಡಿ. ಸಿನಿಮಾದ ದೃಶ್ಯಗಳನ್ನು ನಡೆದ ಘಟನೆಯಂತೆ ತೋರಿಸಲೂ ಬೇಡಿ. ಗೋರಟಾದ ಹುತಾತ್ಮ ಸ್ಮಾರಕ, ಊರಿನ ಹೊಲ, ಬಾವಿ, ಅಗಸಿ, ಹೈದರಾಬಾದ್ ಸಂಸ್ಥಾನದ ನಕಾಶೆ ಇವೆಲ್ಲ ನೀವೇ ಹೋಗಿ ತೆಗೆಯಬಹುದಾದ ಚಿತ್ರಗಳು, ಇವುಗಳ ಬಗ್ಗೆ ಯಾರೂ ತಕರಾರು ಮಾಡಲಾರರು.

ನಿಮ್ಮ ವಿಡಿಯೊದ ಜೀವಾಳ ದಾಳಿಯ ನೆನಪು ಹೇಳುವ ಅಜ್ಜರೊಬ್ಬರ ಸಂದರ್ಶನ. ಅದನ್ನು ಬಿಡಬೇಡಿ, ಆದರೆ ಅದನ್ನು ಬಳಸುವಾಗ ಎರಡು ಕಡೆ ಎಚ್ಚರ ಬೇಕು. ಆ ಅಜ್ಜ “ತುರುಕರು ಬಂದ್ರು, ಓಡ್ರೋ ಅಂತ ಊರೆಲ್ಲ ಕೂಗಾಡಿತ್ರಿ” ಎನ್ನುತ್ತಾರೆ. ಅವರ ಪ್ರಾಯದವರು ಆಡುವ ಮಾತು ಅದು. ಅವರ ಬಾಯಿಯಿಂದ ಅದನ್ನು ಕತ್ತರಿಸುವುದೂ ಸಾಕ್ಷ್ಯವನ್ನು ತಿದ್ದಿದಂತೆ. ಹಾಗೆಂದು ಅದನ್ನೇ ಎತ್ತಿ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿದರೆ ಅದು ಅಜ್ಜನ ಮಾತಾಗಿ ಉಳಿಯದೆ ನಿಮ್ಮ ಘೋಷಣೆಯಾಗುತ್ತದೆ. ಧ್ವನಿ ಹಾಗೆಯೇ ಇರಲಿ. ಪರದೆಯ ಕೆಳಗೆ “ರಜಾಕಾರರ ದಾಳಿಯ ಬಗ್ಗೆ ಹೇಳುತ್ತಿದ್ದಾರೆ, ಆಗ ಇವರಿಗೆ ಇಷ್ಟು ವಯಸ್ಸು” ಎಂದು ಒಂದು ಸಾಲು ಹಾಕಿ. ನಂತರ ನೀವೇ ಅವರನ್ನು ಕೇಳಿದ ಪ್ರಶ್ನೆಯನ್ನೂ ಉಳಿಸಿಕೊಳ್ಳಿ: “ಮುತ್ಯಾ, ಬಂದವರು ನಿಮ್ಮೂರಿನವರಾ, ಹೊರಗಿನವರಾ?” ಇದಕ್ಕೆ ಅವರು “ನಮ್ಮೂರಿನ ಸಾಬರು ನಮ್ಮ ಕೂಡೇ ಹೊಲದಾಗ ಅಡಗಿದ್ರು” ಎಂದು ಕೊಟ್ಟ ಉತ್ತರವನ್ನು ನೀವು ಸಮಯ ಸಾಲದೆಂದು ಬಿಟ್ಟಿದ್ದೀರಿ. ಇಡೀ ಸಂದರ್ಶನದಲ್ಲಿ ನಾನು ಮೊದಲು ಉಳಿಸಿಕೊಳ್ಳುತ್ತಿದ್ದದ್ದೇ ಆ ಉತ್ತರವನ್ನು.

ಎರಡನೆಯ ಎಚ್ಚರ ಹೆಸರುಗಳದ್ದು. ಮಾತಿನ ನಡುವೆ ಅಜ್ಜ ಪಕ್ಕದ ಊರಿನ ಒಂದು ಮನೆತನದ ಹೆಸರು ಹೇಳಿ, ಅವರೇ ದಾರಿ ತೋರಿಸಿದರು ಎನ್ನುತ್ತಾರೆ. ಆ ಮನೆತನದ ಮೊಮ್ಮಕ್ಕಳು ಇಂದಿಗೂ ಅಲ್ಲಿಯೇ ಅಂಗಡಿ ನಡೆಸುತ್ತಿರುವುದನ್ನು ನೀವೇ ಬರೆದಿದ್ದೀರಿ. ಆ ಹೆಸರಿನ ಮೇಲೆ ಧ್ವನಿಯನ್ನು ಅಳಿಸಿ, ಊರಿನ ಹೆಸರನ್ನೂ ಬಿಡಿ. ಎಪ್ಪತ್ತೈದು ವರ್ಷಕ್ಕೂ ಹಿಂದಿನ, ಯಾವ ನ್ಯಾಯಾಲಯದಲ್ಲಿಯೂ ಸಾಬೀತಾಗದ, ಒಬ್ಬರ ನೆನಪಿನಲ್ಲಿ ಮಾತ್ರ ಇರುವ ಆರೋಪವದು. ಅದರ ಫಲವನ್ನು ಅನುಭವಿಸುವವರು ಇಂದು ಆ ಅಂಗಡಿಯಲ್ಲಿ ಕುಳಿತಿರುವವರು. ಸೆಪ್ಟೆಂಬರ್ ನಂತರದ ಹಿಂಸೆಯ ಬಗ್ಗೆ ಒಬ್ಬ ಮುಸ್ಲಿಂ ಅಜ್ಜಿಯನ್ನು ಮಾತಾಡಿಸಿದರೂ ಇದೇ ನಿಯಮ: ಆಕೆ ಹೇಳುವ ಗೌಡರ ಅಥವಾ ಪಟೇಲರ ಮನೆತನದ ಹೆಸರೂ ಅಳಿಯಬೇಕು. ನಿಯಮವನ್ನು ಒಂದು ಕಡೆಗೆ ಮಾತ್ರ ಅನ್ವಯಿಸಿದರೆ ನೋಡುಗರು ಕೂಡಲೇ ಗುರುತಿಸುತ್ತಾರೆ.

ನಿಮ್ಮ ಊರಿನ ಜಗಳ ಹೊತ್ತಿದ್ದು ಯೂಟ್ಯೂಬಿನಲ್ಲಿ ಅಲ್ಲ, ಗ್ರೂಪಿನಲ್ಲಿ. ಇಪ್ಪತ್ತು ನಿಮಿಷದ ವಿಡಿಯೊವನ್ನು ಯಾರೂ ಗ್ರೂಪಿಗೆ ಹಾಕುವುದಿಲ್ಲ. ಅದರಲ್ಲಿನ ಅರ್ಧ ನಿಮಿಷವನ್ನು ಕತ್ತರಿಸಿ ಸ್ಟೇಟಸ್‌ಗೆ ಹಾಕುತ್ತಾರೆ. ಇದನ್ನು ತಡೆಯಲು ನಿಮಗೆ ಪೂರ್ತಿ ಸಾಧ್ಯವಿಲ್ಲ. ಆದರೆ ಎಡಿಟಿಂಗ್ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಬಹುದು. ವಿಡಿಯೊದಲ್ಲಿ ಅತಿ ಬಿಸಿಯಾದ ಭಾಗ ಯಾವುದೋ ಅದನ್ನು ಮಾತ್ರ ಅರ್ಧ ನಿಮಿಷ ಕತ್ತರಿಸಿ, ಹಿಂದುಮುಂದು ಗೊತ್ತಿಲ್ಲದ ಇಬ್ಬರಿಗೆ, ಎರಡು ಸಮುದಾಯಗಳಿಂದ ಒಬ್ಬೊಬ್ಬರಿಗೆ, ತೋರಿಸಿ. “ಇದನ್ನು ಯಾರ ವಿರುದ್ಧ ಹೇಳುತ್ತಿದ್ದಾರೆ?” ಎಂದಷ್ಟೇ ಕೇಳಿ. ಉತ್ತರದಲ್ಲಿ ರಜಾಕಾರರ ಹೆಸರು ಬರದೆ ಸಮುದಾಯದ ಹೆಸರು ಬಂದರೆ, ಆ ಅರ್ಧ ನಿಮಿಷದ ಒಳಗೇ ದಾಳಿಕೋರರ ಹೆಸರೂ ತಾರೀಖೂ ಮತ್ತೊಮ್ಮೆ ಬರಬೇಕು. ಮೂಲೆಯಲ್ಲಿ “ಗೋರಟಾ, ಮೇ 1948” ಎಂಬ ಸಣ್ಣ ಬರಹ ಆ ಭಾಗದುದ್ದಕ್ಕೂ ಉಳಿಯಲಿ, ಕತ್ತರಿಸಿದರೂ ಅದು ಜೊತೆಗೇ ಹೋಗುತ್ತದೆ. ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ಸ್ಟುಡಿಯೋದ ವಿವರಗಳ ಪುಟದಲ್ಲಿ ‘ಇನ್ನಷ್ಟು ತೋರಿಸು’ ಒತ್ತಿದರೆ, ನಿಮ್ಮ ವಿಡಿಯೊವನ್ನು ಬೇರೆಯವರು ಶಾರ್ಟ್ಸ್‌ಗೆ ರೀಮಿಕ್ಸ್ ಮಾಡಲು ಬಿಡಬೇಕೇ ಎಂಬ ಆಯ್ಕೆ ಇರುತ್ತದೆ. ಅದನ್ನು ಬೇಡವೆಂದು ಇಡಿ. ಮೊಬೈಲಿನ ಪರದೆಯನ್ನೇ ರೆಕಾರ್ಡ್ ಮಾಡುವವರನ್ನು ಇದು ತಡೆಯುವುದಿಲ್ಲ, ಆದರೆ ಒಂದು ಒತ್ತಿನಲ್ಲಿ ಕತ್ತರಿಸುವ ದಾರಿ ಮುಚ್ಚುತ್ತದೆ.

ಕಾಮೆಂಟುಗಳ ವಿಷಯದಲ್ಲಿ, ಈ ಒಂದು ವಿಡಿಯೊಗೆ ಎಲ್ಲ ಕಾಮೆಂಟುಗಳನ್ನೂ ಪರಿಶೀಲನೆಗೆ ತಡೆಹಿಡಿಯುವ ಆಯ್ಕೆಯನ್ನು ಅಪ್‌ಲೋಡ್ ಮಾಡುವ ಮೊದಲೇ ಹಾಕಿ. ಪೂರ್ತಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಮುಚ್ಚಿದರೆ ಅದೇ ಮಾತು ನಿಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ಹೋಗುತ್ತದೆ, ತಮ್ಮ ಮನೆಯ ಕಥೆ ಹೇಳಲು ಬಂದವರೂ ವಾಪಸು ಹೋಗುತ್ತಾರೆ. ಚಾನೆಲ್‌ನ ಸೆಟ್ಟಿಂಗ್ಸ್‌ನಲ್ಲಿ ನಿರ್ಬಂಧಿತ ಪದಗಳ ಪಟ್ಟಿಯಿದೆ. ಅದಕ್ಕೆ ಬೈಗುಳಗಳನ್ನು ಕನ್ನಡ ಲಿಪಿಯಲ್ಲಿ ಮಾತ್ರ ಹಾಕಿದರೆ ಸಾಲದು. ನಮ್ಮ ಕಡೆ ಜನ ಬೈಯುವುದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ, ದಖನಿಯಲ್ಲಿ, ಮರಾಠಿಯಲ್ಲಿ. ಒಂದೊಂದು ಪದವನ್ನೂ ಜನ ನಿಜವಾಗಿ ಟೈಪ್ ಮಾಡುವ ಎರಡು ಮೂರು ಕಾಗುಣಿತಗಳಲ್ಲಿ ಸೇರಿಸಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಅಳತೆಯೂ ಮೊದಲೇ ಇರಲಿ. “ಸುಂದರಲಾಲ್ ವರದಿ ಸುಳ್ಳು, ಪಟೇಲರೇ ಒಪ್ಪಲಿಲ್ಲ” ಎಂಬ ಕಾಮೆಂಟನ್ನು ಬಿಡಿ, ಅದು ವಾದ. “ನೀವು ಗೋರಟಾವನ್ನು ಚುನಾವಣೆಗೆ ಬಳಸುತ್ತೀರಿ” ಎಂಬುದನ್ನೂ ಬಿಡಿ, ಅದು ನಿಮ್ಮ ಮೇಲಿನ ಟೀಕೆ. “ಇವರಿಗೆ ಮತ್ತೆ ಅದೇ ಗತಿ ಕಾಣಿಸಬೇಕು” ಎಂಬುದು ಬೆದರಿಕೆ. ಅದು ಎಷ್ಟು ಸಭ್ಯ ಭಾಷೆಯಲ್ಲಿದ್ದರೂ ತೆಗೆದು, ಬರೆದವರನ್ನು ಚಾನೆಲ್‌ನಿಂದ ಮರೆಮಾಡಿ, ಅದಕ್ಕೂ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮುಂದೆ ಪೊಲೀಸರು ಕೇಳಿದರೆ, ನೀವು ಅಂಥದ್ದನ್ನು ಬಿಟ್ಟುಕೊಂಡಿರಲಿಲ್ಲ ಎಂಬುದಕ್ಕೆ ಅದು ದಾಖಲೆಯಾಗುತ್ತದೆ.

ವಿಡಿಯೊ ಹಾಕುವ ದಿನವನ್ನು ಪಂಚಾಂಗ ನೋಡಿ ಆರಿಸಿ. ಸೆಪ್ಟೆಂಬರ್ 17 ಬೇರೆ ಹಬ್ಬಗಳ ಹತ್ತಿರ ಬೀಳುವುದುಂಟು. 2024ರಲ್ಲಿ ಈದ್ ಮಿಲಾದ್ 16ಕ್ಕೆ ಬಂತು, ಗಣೇಶ ವಿಸರ್ಜನೆಯ ಅನಂತ ಚತುರ್ದಶಿ 17ಕ್ಕೇ ಬಂತು. ಅಂಥ ವರ್ಷ ಊರಿನ ಬೀದಿಯಲ್ಲಿ ಎರಡು ಮೆರವಣಿಗೆಗಳು ಇರುವಾಗ ಈ ವಿಡಿಯೊ ಬರಬಾರದು. ನಾಲ್ಕು ದಿನ ತಡವಾದರೆ ಇತಿಹಾಸಕ್ಕೇನೂ ನಷ್ಟವಿಲ್ಲ. ಮೆರವಣಿಗೆ ಇಲ್ಲದ ದಿನ ಬೆಳಿಗ್ಗೆ ಹಾಕಿ, ಅಂದು ಇಡೀ ದಿನ ನೀವು ಮೊಬೈಲಿನ ಹತ್ತಿರ ಇರಿ. ಹಾಕಿ ಮಲಗಿಬಿಡುವ ರಾತ್ರಿಯ ಹೊತ್ತು ಮಾತ್ರ ಬೇಡ.

ರಾಜಕೀಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈ ದಿನವನ್ನು ‘ವಿಮೋಚನಾ ದಿನ’ ಎನ್ನಬೇಕೇ, 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಬಂದ ‘ಕಲ್ಯಾಣ ಕರ್ನಾಟಕ ಉತ್ಸವ’ ಎನ್ನಬೇಕೇ ಎಂಬುದರಲ್ಲಿಯೇ ಪಕ್ಷಗಳ ನಡುವೆ ಭಿನ್ನಾಭಿಪ್ರಾಯವಿದೆ. ಎರಡೂ ಹೆಸರುಗಳು ಬಳಕೆಯಲ್ಲಿವೆ ಎಂದು ಹೇಳಿ, ಯಾರು ಯಾವುದನ್ನು ಏಕೆ ಬಳಸುತ್ತಾರೆಂದು ಒಂದು ವಾಕ್ಯದಲ್ಲಿ ತಿಳಿಸಿ ಮುಂದೆ ಹೋಗಿ. 1948ರ ಸಂಘಟನೆಯಿಂದ ಇಂದಿನ ಯಾವುದೇ ಪಕ್ಷಕ್ಕೆ ನೇರ ಗೆರೆ ಎಳೆಯುವುದು ನಿಮ್ಮ ವಿಡಿಯೊದ ಕೆಲಸವಲ್ಲ. ಅದಕ್ಕೆ ಬೇಕಾದ ಆಧಾರವೂ ವಿವರಣೆಯೂ ಇನ್ನೊಂದು ಇಡೀ ವಿಡಿಯೊದಷ್ಟು ಆಗುತ್ತದೆ. ಚುನಾವಣೆಯ ಕಾಲವಾಗಿದ್ದರೆ ಇನ್ನಷ್ಟು ಬಿಗಿ ಇರಲಿ, ಏಕೆಂದರೆ ಚುನಾವಣೆಯ ಸಂಬಂಧವಾಗಿ ಧರ್ಮ ಜಾತಿಗಳ ಆಧಾರದ ಮೇಲೆ ವೈರ ಹುಟ್ಟಿಸುವುದು ಪ್ರಜಾಪ್ರತಿನಿಧಿತ್ವ ಕಾಯ್ದೆಯ 125ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧ.

ಕಾನೂನಿನ ಭಯದಿಂದ ನೀವು ವಿಷಯವನ್ನೇ ಬಿಡಬಾರದು ಎಂಬ ಕಾರಣಕ್ಕೆ ಇದನ್ನೂ ಹೇಳುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ 153ಎ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು, 295ಎ ಜಾಗದಲ್ಲಿ 299ನೇ ಕಲಮು ಬಂದಿವೆ. ಮೊದಲನೆಯದು ಸಮುದಾಯಗಳ ನಡುವೆ ವೈರ ಬೆಳೆಸುವುದರ ಬಗ್ಗೆ; ಎರಡನೆಯದು ಬೇಕೆಂದೇ, ದುರುದ್ದೇಶದಿಂದ ಧಾರ್ಮಿಕ ಭಾವನೆಗಳನ್ನು ಕೆರಳಿಸುವುದರ ಬಗ್ಗೆ. 153ಎ ಬಗ್ಗೆ ಸುಪ್ರೀಂ ಕೋರ್ಟು 2007ರ ಮಂಜರ್ ಸಯೀದ್ ಖಾನ್ ಪ್ರಕರಣದಲ್ಲಿ, ಉದ್ದೇಶವೇ ಈ ಅಪರಾಧದ ತಿರುಳು, ಬರಹವನ್ನು ಇಡಿಯಾಗಿ ನೋಡಬೇಕೇ ಹೊರತು ಒಂದೆರಡು ವಾಕ್ಯಗಳನ್ನು ಬಿಡಿಸಿ ತೆಗೆದು ನಿರ್ಣಯಿಸಬಾರದು ಎಂದಿತು. ದಾಖಲೆ ಹೇಳಿ, ಹೊಣೆಗಾರರನ್ನು ಹೆಸರಿಸಿ, ಎರಡೂ ಹಂತದ ಹಿಂಸೆಯನ್ನು ಕೊಟ್ಟ ವಿಡಿಯೊದಲ್ಲಿ ಆ ಉದ್ದೇಶವನ್ನು ಕಾಣಿಸುವುದು ಕಷ್ಟ. ಆದರೂ ದೂರು ದಾಖಲಾಗುವುದನ್ನು ಇದು ತಡೆಯುತ್ತದೆ ಎಂದು ತಿಳಿಯಬೇಡಿ. ಠಾಣೆಯಿಂದ ಕರೆ ಬಂದರೆ ವಕೀಲರನ್ನು ಕರೆದುಕೊಂಡೇ ಹೋಗಿ. ಸ್ಕ್ರಿಪ್ಟು, ಆಧಾರಗಳ ಪಟ್ಟಿ, ಸಂದರ್ಶನದ ಕತ್ತರಿಸದ ಧ್ವನಿಮುದ್ರಣ ಮೂರನ್ನೂ ಒಂದು ಕಡೆ ಜೋಪಾನವಾಗಿ ಇಟ್ಟಿರಿ.

ಕೊನೆಯದಾಗಿ ಎಚ್ಚರಿಕೆಯ ವಿಷಯ. ಯೂಟ್ಯೂಬಿನಲ್ಲಿ ಮೊದಲ ಉಲ್ಲಂಘನೆಗೆ ಸಾಮಾನ್ಯವಾಗಿ ಎಚ್ಚರಿಕೆ ಬರುತ್ತದೆ, ನಂತರದ್ದು ಸ್ಟ್ರೈಕ್. ಮೊದಲ ಸ್ಟ್ರೈಕ್‌ಗೆ ಒಂದು ವಾರ ಅಪ್‌ಲೋಡ್ ನಿಲ್ಲುತ್ತದೆ, 90 ದಿನದ ಒಳಗೆ ಎರಡನೆಯದು ಬಂದರೆ ಎರಡು ವಾರ, ಮೂರನೆಯದಕ್ಕೆ ಚಾನೆಲ್ಲೇ ಹೋಗುತ್ತದೆ. ಆದ್ದರಿಂದ ಹೊಸ ವಿಡಿಯೊವನ್ನೂ ಯೂಟ್ಯೂಬ್ ತೆಗೆದುಹಾಕಿದರೆ ಸಿಟ್ಟಿನಲ್ಲಿ ಅದನ್ನೇ ಮತ್ತೆ ಅಪ್‌ಲೋಡ್ ಮಾಡಬೇಡಿ, ಅದು ಇನ್ನೊಂದು ಉಲ್ಲಂಘನೆಯಾಗಿ ಲೆಕ್ಕಕ್ಕೆ ಬರಬಹುದು. ಮೇಲ್ಮನವಿಗೆ ಒಂದೇ ಅವಕಾಶ ಇರುವುದರಿಂದ ಅದನ್ನು ಒಂದು ರಾತ್ರಿ ತಡೆದು ಬರೆಯಿರಿ. “ನಾನು ಸತ್ಯವನ್ನೇ ಹೇಳಿದ್ದೇನೆ, ಇದು ಅನ್ಯಾಯ” ಎಂದು ಬರೆದರೆ ಓದುವವರಿಗೆ ನೋಡಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: “ಇದು 1948ರ ಹೈದರಾಬಾದ್ ಸಂಸ್ಥಾನದ ಘಟನೆಗಳ ಸಾಕ್ಷ್ಯಚಿತ್ರ. 6ನೇ ನಿಮಿಷದಲ್ಲಿ ಓದಿರುವ ಪ್ರಚೋದನಕಾರಿ ಮಾತು ರಜಾಕಾರ ನಾಯಕನದು. ಅದನ್ನು ಓದಿದ ಕೂಡಲೇ ನಿರೂಪಕರು ಅದನ್ನು ಖಂಡಿಸಿ ಅದರ ಪರಿಣಾಮವನ್ನು ವಿವರಿಸುತ್ತಾರೆ. 14ನೇ ನಿಮಿಷದಿಂದ ಸೆಪ್ಟೆಂಬರ್ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿಯ ಆಧಾರದಿಂದ ಹೇಳಲಾಗಿದೆ. ವಿಡಿಯೊ ಯಾವ ಸಮುದಾಯದ ವಿರುದ್ಧವೂ ಕರೆ ಕೊಡುವುದಿಲ್ಲ.” ಅದೂ ತಿರಸ್ಕೃತವಾದರೆ, ಭಾರತದ ಬಳಕೆದಾರರಿಗಾಗಿ ಕಂಪನಿ ನೇಮಿಸಿರುವ ದೂರು ಅಧಿಕಾರಿಗೆ ಬರೆಯಬಹುದು. ಅಲ್ಲಿಯೂ ಸಮಾಧಾನವಾಗದಿದ್ದರೆ, ಉತ್ತರ ಬಂದ 30 ದಿನಗಳ ಒಳಗೆ ಕೇಂದ್ರ ಸರ್ಕಾರದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಆ ಅರ್ಜಿಗೂ ಇದೇ ಒಕ್ಕಣೆ, ಇವೇ ನಿಮಿಷಗಳು ಸಾಕು.